ಕಡಲೆಕಾಯಿ ಬೀಜ ಹುರಿಯಲು ಬಾಣಲೆಯೋ, ಓವನ್ನೋ?

ಬಾಣಲೆಯಿಂದ ಇಳಿಸುವಾಗ ಸರಿಯಾಗಿದ್ದ ಬೀಜ, ಆರಿದ ಮೇಲೆ ಕಹಿಯಾಗಿರುತ್ತದೆ. ಓವನ್‌ನಲ್ಲಿ ಹುರಿಯಲೇ?

ಓವನ್ ಆದರೂ ಸ್ವಲ್ಪ ಮುಂಚೆಯೇ ಇಳಿಸಬೇಕು. ಉರಿ ಆರಿಸಿದರೂ ಬೀಜದೊಳಗಿನ ಬಿಸಿ ಕೆಲ ನಿಮಿಷ ಹುರಿಯುತ್ತಲೇ ಇರುತ್ತದೆ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಇನ್ನೂ ಜಾಸ್ತಿ.

ಕಾಲು ಕೆಜಿಗೆ ದಪ್ಪ ತಳದ ಬಾಣಲೆ, ಸಣ್ಣ ಉರಿ, ಸುಮಾರು 10–12 ನಿಮಿಷ. ಕೈ ಬಿಡದೆ ಆಡಿಸಬೇಕು, ಇಲ್ಲದಿದ್ದರೆ ತಳ ತಾಗಿದ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ಓವನ್‌ನಲ್ಲಾದರೆ 170 ಡಿಗ್ರಿ ಸೆಲ್ಸಿಯಸ್, ಒಂದೇ ಪದರ, 15–20 ನಿಮಿಷ. ನಡುವೆ ಎರಡು ಸಲ ಕೈಯಾಡಿಸಿದರೆ ಸಾಕು.

ಕೊನೆಗೆ ಒಂದು ಬೀಜ ಸೀಳಿ ನೋಡಿ. ಒಳಗಿನ ಕೆನೆಬಣ್ಣ ತುಸು ಹೊಂಬಣ್ಣಕ್ಕೆ ತಿರುಗಿದ್ದರೆ ತಕ್ಷಣ ತಣ್ಣಗಿನ ಅಗಲ ತಟ್ಟೆಗೆ ಹರಡಿ. ಮೆತ್ತಗಿದೆ ಅಂತ ಮತ್ತೆ ಹುರಿಯಬೇಡಿ, ನಾನು ಹಾಗೇ ಸೀಯಿಸಿದ್ದೇನೆ! ಗರಿಗರಿಯಾಗುವುದು ಆರಿದ ಮೇಲೆ.