ಸ್ಟೋನ್ ಕಾಲಮ್ ಹಾಕಿದರೆ ನೆಲ ಎಷ್ಟು ಕಮ್ಮಿ ಕುಸಿಯುತ್ತದೆ?

ಪ್ರಶ್ನೆ: ಮೆತ್ತನೆಯ ಜೇಡಿಮಣ್ಣಿನ ಮೇಲೆ ಅಗಲವಾದ ಮಣ್ಣಿನ ಏರಿ ಬರಲಿದೆ. ಏನೂ ಮಾಡದಿದ್ದರೆ ಸೆಟಲ್‌ಮೆಂಟ್, ಅಂದರೆ ನೆಲದ ಕುಸಿತ, 400 ಮಿ.ಮೀ. ಅಂತ ಲೆಕ್ಕ ಬಂದಿದೆ. ನೆಲದೊಳಗೆ ಜಲ್ಲಿ ತುಂಬಿ ಬಿಗಿದ 0.9 ಮೀಟರ್ ವ್ಯಾಸದ ಸ್ಟೋನ್ ಕಾಲಮ್‌ಗಳನ್ನು ತ್ರಿಕೋನ ಜೋಡಣೆಯಲ್ಲಿ, 2 ಮೀಟರ್ ಅಂತರದಲ್ಲಿ, ಕೆಳಗಿನ ಗಟ್ಟಿ ಪದರದವರೆಗೆ ಹಾಕುತ್ತೇವೆ. ಸೆಟಲ್‌ಮೆಂಟ್ ಮೂರನೇ ಒಂದು ಭಾಗಕ್ಕೆ ಬರುತ್ತೆ ಅಂತಾರೆ ಗುತ್ತಿಗೆದಾರರು. ನಂಬಬಹುದಾ?

ನಂಬಬೇಡಿ. ಈ "ಮೂರನೇ ಒಂದು ಭಾಗ" ಎಲ್ಲಿಂದ ಹುಟ್ಟಿತೋ, ಪ್ರತಿ ಸಲವೂ ಇದೇ ಮಾತು ಕೇಳುತ್ತೇನೆ.

ನಿಮ್ಮ ರಿಪ್ಲೇಸ್‌ಮೆಂಟ್ ರೇಷಿಯೋ 0.907 × (0.9/2)², ಅಂದರೆ 0.184. ನೂರು ಚದರ ಮೀಟರ್ ನೆಲದಲ್ಲಿ ಹದಿನೆಂಟು ಚಿಲ್ಲರೆ ಮಾತ್ರ ಜಲ್ಲಿ. ಉಳಿದದ್ದೆಲ್ಲ ಅದೇ ಹಳೇ ಜೇಡಿ. ಕಾಲಮ್ಮೂ ಜೇಡಿಯೂ ಒಟ್ಟಿಗೇ ಇಳಿಯುತ್ತವೆ, ಆದರೆ ಬಿಗಿಯಾದ ಕಾಲಮ್ ಜಾಸ್ತಿ ಭಾರ ಹೊರುತ್ತದೆ. ಜೇಡಿಯ ಮೇಲಿನ ಒತ್ತಡದ ಎಷ್ಟು ಪಟ್ಟು ಕಾಲಮ್ ಮೇಲೆ ಬೀಳುತ್ತದೆ ಎನ್ನುವುದೇ ಒತ್ತಡದ ಅನುಪಾತ. ಅದನ್ನು n ಅನ್ನಿ. ಆಗ ಸೆಟಲ್‌ಮೆಂಟ್ ಹೀಗೆ ಸಿಗುತ್ತದೆ:

```
S = 400 / (1 + (n − 1) × 0.184)
```

n 3 ಆದರೆ ಸುಮಾರು 290 ಮಿ.ಮೀ., 5 ಆದರೆ 230. ಮೂರನೇ ಒಂದು ಭಾಗಕ್ಕೆ ಬರಬೇಕಾದರೆ n ಹೆಚ್ಚುಕಮ್ಮಿ 12 ಇರಬೇಕು. ಆ ಹನ್ನೆರಡು ಎಲ್ಲಿಂದ ಬಂತು ಅಂತ ಗುತ್ತಿಗೆದಾರರನ್ನೇ ಕೇಳಿ.

ಜಲ್ಲಿ ಜೇಡಿಗಿಂತ ಇಪ್ಪತ್ತು ಪಟ್ಟು ಗಟ್ಟಿ ಅಲ್ವಾ ಎಂದು ಅವರು ವಾದಿಸಬಹುದು. ಇರಬಹುದು, ಆದರೆ ಜಲ್ಲಿ ತನ್ನಷ್ಟಕ್ಕೆ ತಾನೇ ನಿಲ್ಲುವುದಿಲ್ಲ. ಸುತ್ತಲಿನ ಜೇಡಿ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತದೆ. ಭಾರ ಹೆಚ್ಚಾದಂತೆ ಕಾಲಮ್ ಮೇಲ್ಭಾಗದ ಕೆಲವು ವ್ಯಾಸದಷ್ಟು ಆಳದಲ್ಲಿ ಪಕ್ಕಕ್ಕೆ ಉಬ್ಬುತ್ತದೆ, ಭಾರ ಮತ್ತೆ ಜೇಡಿಗೇ ವಾಪಸ್. ಹಾಗಾಗಿ ಸೈಟಿನಲ್ಲಿ n ಸಾಮಾನ್ಯವಾಗಿ 2ರಿಂದ 5ರ ನಡುವೆ ಇರುತ್ತದೆ. ಇಂಥ ಸೆಟಲ್‌ಮೆಂಟ್ ಲೆಕ್ಕ ಹಾಕುವ ಪ್ರೀಬೆ ವಿಧಾನದ ಮೂಲ ಚಾರ್ಟ್‌ನಲ್ಲಿ ಜಲ್ಲಿಯ ಘರ್ಷಣ ಕೋನ 40 ಡಿಗ್ರಿ ಹಿಡಿದರೆ ಸೆಟಲ್‌ಮೆಂಟ್ ಸುಮಾರು ಅರ್ಧಕ್ಕೆ ಬರುತ್ತದೆ. ತಪ್ಪು ಅನ್ನಲ್ಲ. ಆದರೆ ಜೇಡಿಯ ಶಕ್ತಿ 15 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿದ್ದರೆ ನಾನು n 3 ಹಿಡಿದೇ ಮಾತಾಡುತ್ತೇನೆ. ಅದಕ್ಕಿಂತ ಮೆತ್ತಗಿದ್ದರೆ ಕಾಲಮ್‌ಗೆ ಜಿಯೋಟೆಕ್ಸ್‌ಟೈಲ್ ಚೀಲ ತೊಡಿಸುವ ಬಗ್ಗೆ ಯೋಚಿಸಿ.

ಇಷ್ಟೆಲ್ಲ ಲೆಕ್ಕವೂ ಕಾಲಮ್ ನಿಜಕ್ಕೂ 0.9 ಮೀಟರ್ ಇದ್ದರೆ ಮಾತ್ರ. 0.8 ಆದರೆ ರೇಷಿಯೋ 0.145ಕ್ಕೆ ಇಳಿಯುತ್ತದೆ. ನೀರು ಚಿಮ್ಮಿಸಿ ರಂಧ್ರ ಮಾಡಿ ಮೇಲಿಂದ ಜಲ್ಲಿ ಸುರಿಯುವ ಪದ್ಧತಿಯಲ್ಲಿ ರಂಧ್ರವನ್ನು ತೆರೆದಿಡುವುದು ಆ ನೀರೇ. ನೀರು ಕಮ್ಮಿಯಾದರೆ, ಇಲ್ಲವೇ ರಂಧ್ರ ಮಾಡಿ ಜಲ್ಲಿ ಬಿಗಿಯುವ ವೈಬ್ರೇಟರನ್ನು ಅವಸರದಲ್ಲಿ ಎಳೆದರೆ, ಗೋಡೆ ಕುಸಿದು ಜಲ್ಲಿಯ ನಡುವೆ ಜೇಡಿಯ ತುಂಡು ಕೂರುತ್ತದೆ. ಅಲ್ಲಿ ಕಾಲಮ್ಮಿಗೆ ಸೊಂಟ ಸಣ್ಣ, ಜೇಡಿಯ ನೀರು ಕಾಲಮ್ ಮೂಲಕ ಬಸಿಯುವ ದಾರಿಯೂ ಬಂದ್. ವೈಬ್ರೇಟರಿನ ತುದಿಯಿಂದಲೇ ಜಲ್ಲಿ ಬೀಳುವ ಪದ್ಧತಿಯಲ್ಲಿ ಈ ಕಾಟ ಕಮ್ಮಿ.

ಮೇಲಿಂದ ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ. ಗೊತ್ತಾಗುವುದು ಜಲ್ಲಿಯ ಲೆಕ್ಕದಲ್ಲಿ. 0.9 ಮೀಟರ್ ಕಾಲಮ್ ಪ್ರತಿ ಮೀಟರ್ ಆಳಕ್ಕೆ 0.64 ಘನ ಮೀಟರ್ ಬಿಗಿದ ಜಲ್ಲಿ ತಿನ್ನುತ್ತದೆ, ಸಡಿಲ ಜಲ್ಲಿಯ ಲೆಕ್ಕದಲ್ಲಿ 0.8ರ ಹತ್ತಿರ. ಇಡೀ ಕಾಲಮ್ಮಿನ ಸರಾಸರಿ ಬೇಡ, ಮೀಟರ್ ಮೀಟರಿಗೆ ಎಷ್ಟು ಹೋಯಿತು ಅಂತ ಕೇಳಿ. ಒಂದು ಕಡೆ 0.5, ಅದರ ಕೆಳಗೆ 1.1 ಬರೆದಿದ್ದರೆ ಸರಾಸರಿ ಚೆನ್ನಾಗೇ ಕಾಣುತ್ತದೆ, ಕಾಲಮ್ ಮಾತ್ರ ಹಾಳು. ಜೊತೆಗೆ ವೈಬ್ರೇಟರಿನ ಕರೆಂಟ್ ಪ್ರತಿ ಹಂತದಲ್ಲೂ ಏರಿದೆಯಾ ನೋಡಿ. ಎಲ್ಲ ಮೀಟರಿಗೂ ಒಂದೇ ಅಂಕಿ ಇರುವ ಹಾಳೆ ಕೊಟ್ಟರೆ ಅದು ಸಂಜೆ ಟೀ ಕುಡಿಯುತ್ತಾ ಬರೆದದ್ದು. ಹರಿದು ಹಾಕಿ.

ಪ್ರಶ್ನೆ: ಒಂದೇ ಕಾಲಮ್ ಮೇಲೆ ಲೋಡ್ ಟೆಸ್ಟ್ ಪಾಸಾಗಿದೆ. ಇನ್ನು ಸೆಟಲ್‌ಮೆಂಟ್ ಚಿಂತೆ ಬೇಡ ಅಲ್ವಾ?

ಬೇಕು. ಆ ಟೆಸ್ಟ್ ಮುಟ್ಟುವುದು ಮೇಲಿನ ಕೆಲವು ಮೀಟರನ್ನು, ಅದೂ ಕೆಲವೇ ಗಂಟೆ. ಏರಿ ಆಳದ ಜೇಡಿಯನ್ನೂ ತಿಂಗಳುಗಟ್ಟಲೆ ಒತ್ತುತ್ತದೆ.

ಪ್ರಶ್ನೆ: ಜಲ್ಲಿಗೆ ಕ್ವಾರಿ ಡಸ್ಟ್ ಬೆರೆಸಿದರೆ ಕಾಲಮ್ ಗಟ್ಟಿಯಾಗುತ್ತೆ ಅಂತಾರಲ್ಲ?

ಅಂಥವರನ್ನು ಸೈಟಿನಿಂದ ಆಚೆ ಕಳಿಸಿ. ಪುಡಿ ಸೇರಿದರೆ ನೀರು ಬಸಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಕಾಲಮ್ ಹಾಕುವಾಗ ಪಕ್ಕದ ನೆಲ ಮೇಲೆ ಉಬ್ಬುತ್ತಿದೆ. ಕೆಲಸ ನಿಲ್ಲಿಸಬೇಕಾ?

ಆ ಜಾಗದಲ್ಲಿ ನಿಲ್ಲಿಸಿ, ದೂರದ ಕಾಲಮ್‌ಗಳಿಗೆ ಹೋಗಿ. ಜೇಡಿಯೊಳಗಿನ ನೀರಿನ ಒತ್ತಡ ಇಳಿದ ಮೇಲೆ ವಾಪಸ್ ಬನ್ನಿ. ಹಾಕುವಾಗ ಮಧ್ಯದಿಂದ ಹೊರಗೆ ಸಾಗಿ. ಸುತ್ತಲಿಂದ ಒಳಕ್ಕೆ ಬಂದರೆ ನಡುವಿನ ಜೇಡಿಗೆ ಹೋಗಲು ಜಾಗವೇ ಇರಲ್ಲ, ಮೊದಲು ಹಾಕಿದ ಕಾಲಮ್‌ಗಳನ್ನೂ ತಳ್ಳಿಬಿಡುತ್ತದೆ.