ಬ್ರ್ಯಾಂಡ್ ಖರ್ಚು ನಿಲ್ಲಿಸಿದರೆ ಲಾಭವೇ?

“ಗೋಣಿಕೊಪ್ಪಲಿನಿಂದ ಕಾಫಿಪುಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಬ್ರ್ಯಾಂಡ್ ಜಾಹೀರಾತು ನಿಲ್ಲಿಸಿದ ಮೇಲೆ ಒಂದು ಆರ್ಡರ್‌ಗೆ ಬೀಳುವ ಖರ್ಚು ಇಳಿದಿದೆ. ಪೂರ್ತಿ ನಿಲ್ಲಿಸಿಬಿಡಲಾ?”

ಈಗ ಬರುತ್ತಿರುವ ಆರ್ಡರ್‌ಗಳಲ್ಲಿ ಬಹುಪಾಲು ಹಳೇ ಜಾಹೀರಾತಿನ ಫಲ ಇರಬೇಕು. ಗಿಡಕ್ಕೆ ಗೊಬ್ಬರ ನಿಲ್ಲಿಸಿದ ವರ್ಷವೂ ಕಾಫಿ ಬಿಡುತ್ತದೆ, ಅಲ್ವಾ?

ನಮ್ಮ ಮಸಾಲೆ ವ್ಯಾಪಾರದಲ್ಲೂ ಹೀಗೇ ಆಗಿತ್ತು. ತಿಂಗಳಿಗೆ ಬ್ರ್ಯಾಂಡ್‌ಗೆ 30,000, ಸರ್ಚ್ ಜಾಹೀರಾತಿಗೆ 40,000 ರೂಪಾಯಿ. ಆರ್ಡರ್ 1,000, ಒಂದಕ್ಕೆ ಖರ್ಚು 70. ಬ್ರ್ಯಾಂಡ್ ನಿಲ್ಲಿಸಿದ ತಿಂಗಳು 950 ಆರ್ಡರ್, ಖರ್ಚು 42ಕ್ಕೆ ಇಳಿಯಿತು. ಎಲ್ಲರಿಗೂ ಖುಷಿ. ಏಳನೇ ತಿಂಗಳಿಗೆ ಆರ್ಡರ್ 620. ಆಗಲೂ ಒಂದಕ್ಕೆ ಖರ್ಚು 65ರ ಒಳಗೇ ಇತ್ತು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಆದರೆ ಜಾಹೀರಾತು ಖರ್ಚು ಕಳೆಯುವ ಮೊದಲು ಆರ್ಡರ್‌ಗೆ 150 ಉಳಿಯುತ್ತಿತ್ತು. ಜಾಹೀರಾತು ಕಳೆದರೆ ಮೊದಲು ಕೈಗೆ 80,000 ಬರುತ್ತಿದ್ದದ್ದು 53,000 ಆಗಿತ್ತು.

ಅದಕ್ಕೇ ಮೊದಲು ಒಟ್ಟು ಉಳಿಕೆ ನೋಡಿ, ಸುಮ್ನೆ ಸರಾಸರಿ ಖರ್ಚು ನೋಡಬೇಡಿ. ಆಮೇಲೆ ಗೂಗಲ್‌ನ Search Console ತೆರೆದು, ನಿಮ್ಮ ಬ್ರ್ಯಾಂಡ್ ಹೆಸರನ್ನೇ ಹುಡುಕಿದಾಗ ನಿಮ್ಮ ಸೈಟ್ ಎಷ್ಟು ಸಲ ಕಾಣಿಸಿತು ಎಂಬುದನ್ನು ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ಮಾರಾಟಕ್ಕಿಂತ ಮೊದಲು ಕುಸಿಯುವುದು ಸಾಮಾನ್ಯವಾಗಿ ಇದೇ. ಹೊಸ ಗ್ರಾಹಕರೆಷ್ಟು ಎಂದೂ ಬೇರೆ ಮಾಡಿ ಎಣಿಸಿ. ಹಳಬರು ಮತ್ತೆ ಮತ್ತೆ ಕೊಳ್ಳುತ್ತಿದ್ದರೆ ಪೆಟ್ಟು ಇನ್ನೂ ತಡವಾಗಿ ಕಾಣುತ್ತದೆ.

ನಂತರ ಮೈಸೂರಿನಲ್ಲಿ ಬ್ರ್ಯಾಂಡ್ ಜಾಹೀರಾತು ಮತ್ತೆ ಶುರು ಮಾಡಿ, ಮಂಗಳೂರಿನಲ್ಲಿ ನಿಲ್ಲಿಸಿಯೇ ಇಡಿ. ಉಳಿದದ್ದೆಲ್ಲ ಎರಡೂ ಕಡೆ ಒಂದೇ ಇರಲಿ. ಆರು ತಿಂಗಳಾದರೂ ಬಿಡಿ. ನಿಮ್ಮಲ್ಲಿ ಇನ್ನೂ ಜಾಸ್ತಿ ಬೇಕಾಗಬಹುದು, ಅದು ಗ್ರಾಹಕರು ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಮಂಗಳೂರಿಗೆ ಹೋಲಿಸಿದರೆ ಮೈಸೂರಿನಲ್ಲಿ ಹೆಚ್ಚಿದ ಉಳಿಕೆ, ಬ್ರ್ಯಾಂಡ್ ಖರ್ಚು ಕಳೆಯುವ ಮೊದಲಿನದು, ಅಲ್ಲಿನ ಬ್ರ್ಯಾಂಡ್ ಖರ್ಚನ್ನು ದಾಟದಿದ್ದರೆ ಧೈರ್ಯವಾಗಿ ನಿಲ್ಲಿಸಿ.