ಕೋಲ್ಡ್ ಸ್ಟೋರೇಜ್ ಲೆಕ್ಕ: ನವೆಂಬರ್‌ನಲ್ಲಿ ಯಾರ ಮಾಲು ಇರುತ್ತೆ?

ಪ್ರಶ್ನೆ: ಪುಣೆ ಹತ್ತಿರ ರೈತರಿಗಾಗಿ 1000 ಟನ್ನಿನ ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂದಿದ್ದೇವೆ. ಎಷ್ಟು ಖರ್ಚಾಗುತ್ತೆ? 80% ತುಂಬುತ್ತೆ ಅಂತ ಹಿಡಿದರೆ ಸರಿನಾ?

ಪುಣೆ ಜಿಲ್ಲೆಯ ಮಂಚರ್ ಕಡೆ 1000 ಟನ್ನಿನದ್ದು ಕಟ್ಟುವಾಗ ನಾವು ಪಾಲುದಾರರು ಹಾಕಿದ್ದೂ ಇದೇ ಲೆಕ್ಕ. ಜಾಗ ಬಿಟ್ಟು 1 ಕೋಟಿ 20 ಲಕ್ಷ ಆಯಿತು. ಅದರಲ್ಲಿ 80 ಲಕ್ಷ ಬ್ಯಾಂಕ್ ಸಾಲ. 50 ಕೆಜಿ ಆಲೂಗಡ್ಡೆ ಮೂಟೆಗೆ ತಿಂಗಳಿಗೆ 20 ರೂಪಾಯಿ ಬಾಡಿಗೆ, ಅಂದರೆ ಟನ್ನಿಗೆ 400. ವರ್ಷಪೂರ್ತಿ 80% ತುಂಬಿದರೆ 38 ಲಕ್ಷ ಬರಬೇಕಿತ್ತು. ಬಂದದ್ದು 20 ಲಕ್ಷ ಚಿಲ್ಲರೆ.

ನಾವು ಎಡವಿದ್ದು ಆ 80%ನಲ್ಲೇ. ಅದು ಸೀಸನ್ನಿನ ಅಂಕಿ, ವರ್ಷದ್ದಲ್ಲ. ಹಿಂಗಾರಿ ಆಲೂಗಡ್ಡೆ ಫೆಬ್ರವರಿ, ಮಾರ್ಚ್‌ನಲ್ಲಿ ಒಳಗೆ ಬರುತ್ತೆ. ಏಪ್ರಿಲ್‌ನಿಂದ ಜೂನ್‌ವರೆಗೆ 90% ತುಂಬಿರುತ್ತಿತ್ತು, ಬಾಗಿಲಲ್ಲಿ ಟ್ರ್ಯಾಕ್ಟರ್ ಸಾಲು. ಮುಂಗಾರು ಬಿತ್ತನೆಗೆ ಬೀಜ ಎತ್ತಿದರು, ರೇಟು ಸಿಕ್ಕವರು ಮಾರಿದರು. ಆಗಸ್ಟ್‌ನಲ್ಲಿ ಅರ್ಧ, ಅಕ್ಟೋಬರ್‌ನಲ್ಲಿ 20%. ನವೆಂಬರ್‌ನಿಂದ ಜನವರಿವರೆಗೆ ಸೊನ್ನೆ. ಹನ್ನೆರಡು ತಿಂಗಳ ಸರಾಸರಿ ತೆಗೆದರೆ ಸುಮಾರು 42%.

ಮಾಲು ಅರ್ಧವಾದರೆ ಕರೆಂಟ್ ಬಿಲ್ಲೂ ಅರ್ಧವಾಗುತ್ತೆ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಗೋಡೆ, ಛಾವಣಿಯಿಂದ ಒಳಬರುವ ಬಿಸಿ, ಬಾಗಿಲು ತೆರೆದಾಗ ನುಗ್ಗುವ ಗಾಳಿ, ಫ್ಯಾನಿನದೇ ಶಾಖ, ಇವಕ್ಕೆ ಮೂಟೆ ಎಷ್ಟಿವೆ ಅನ್ನೋದು ಲೆಕ್ಕಕ್ಕಿಲ್ಲ. ಮೇಲೆ ಡಿಮ್ಯಾಂಡ್ ಚಾರ್ಜ್ ಬೇರೆ, ಅಂದರೆ ಕರೆಂಟ್ ಕಮ್ಮಿ ಬಳಸಿದರೂ ಕಟ್ಟಲೇಬೇಕಾದ ಶುಲ್ಕ. ಕರೆಂಟಿಗೆ 8 ಲಕ್ಷ, ಆಳು, ಡೀಸೆಲ್, ರಿಪೇರಿ, ವಿಮೆ ಸೇರಿ ಇನ್ನೊಂದು 8. ಸಾಲದ ಕಂತು ವರ್ಷಕ್ಕೆ 16. ಒಟ್ಟು 32 ಲಕ್ಷ. ಅಂದರೆ ಹನ್ನೆರಡು ತಿಂಗಳ ಸರಾಸರಿ 67% ಇದ್ದರಷ್ಟೇ ಸರಿಸಮ.

ಆದ್ದರಿಂದ ಕಟ್ಟೋಕೆ ಎಷ್ಟು ಅನ್ನೋದು ಮೊದಲ ಪ್ರಶ್ನೆಯೇ ಅಲ್ಲ. ನವೆಂಬರ್‌ನಲ್ಲಿ ಯಾರ ಮಾಲು ಇರುತ್ತೆ ಅಂತ ಕೇಳಿ. ಖಾಲಿ ತಿಂಗಳಿಗೆ ಹೊಸ ಬೆಳೆ ಹುಡುಕುವುದು ಸುಮ್ನೆ ಓಡಾಟ. ವರ್ಷವಿಡೀ ಕೂರುವ ಮಾಲಿಗೆ, ಅಂದರೆ ಹುಣಸೆಹಣ್ಣು, ಒಣಮೆಣಸಿನಕಾಯಿ, ಒಣದ್ರಾಕ್ಷಿಗೆ, ಅರ್ಧ ಜಾಗ ಕೊಡಿ. ನಾವು 500 ಟನ್ ಹೀಗೆ ಬಿಟ್ಟ ಮೇಲೆ, ಅದು 90% ತುಂಬಿ 21 ಲಕ್ಷ ದಾಟಿತು. ಉಳಿದ ಅರ್ಧದಿಂದ ಆಲೂಗಡ್ಡೆ 10 ಲಕ್ಷ ಕೊಡುತ್ತೆ. ಹೆಚ್ಚುಕಮ್ಮಿ ಸರಿಸಮ, ಲಾಭ ಅಂತ ಏನೂ ಇಲ್ಲ.

ಆದರೆ ಚೇಂಬರ್ ಬೇರೆ ಬೇರೆ ಇರಲೇಬೇಕು. ಆಲೂಗಡ್ಡೆಗೆ ತೇವ 90% ಬೇಕು. ಆ ತೇವದಲ್ಲಿ ಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತೆ. ನಾವು ಒಂದೇ ದೊಡ್ಡ ಹಾಲ್ ಕಟ್ಟಿದ್ದೆವು. ಆಮೇಲೆ ಪ್ಯಾನೆಲ್ ಹಾಕಿ ಎರಡು ಮಾಡಿದ್ದು ದುಬಾರಿ ಬಿತ್ತು, ಅದು ಮೇಲಿನ 1.2 ಕೋಟಿಯಲ್ಲಿ ಸೇರಿಲ್ಲ. ನೀವು ಮೊದಲೇ 250 ಟನ್ನಿನ ನಾಲ್ಕು ಚೇಂಬರ್ ಮಾಡಿಸಿ. ಒಂದು ಖಾಲಿಯಾದರೆ ಅದರ ಕೂಲಿಂಗ್ ಬಂದ್ ಮಾಡಿಬಿಡಬಹುದು.

ಸಬ್ಸಿಡಿಯನ್ನು ಕಟ್ಟುವ ದುಡ್ಡಿಗೆ ಸೇರಿಸಬೇಡಿ, ಅದು ಕೆಲಸ ಮುಗಿದ ಮೇಲೆ ಸಾಲಕ್ಕೆ ಜಮಾ ಆಗುವಂಥದ್ದು. ಈರುಳ್ಳಿಗಂತೂ ಇದು ಬೇಡವೇ ಬೇಡ, ಕಾಂದಾ ಚಾಳ್, ಅಂದರೆ ಗಾಳಿಯಾಡುವ ಈರುಳ್ಳಿ ಶೆಡ್, ಸಾಕು. ಪಾಯ ತೋಡುವ ಮೊದಲು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಹುಣಸೆ, ಮೆಣಸಿನಕಾಯಿ ವ್ಯಾಪಾರಿಗಳ ಹತ್ತಿರ ವರ್ಷದ ಬಾಡಿಗೆಗೆ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. 400 ಟನ್ನಿಗೂ ಸಿಗದಿದ್ದರೆ ಕಟ್ಟಬೇಡಿ.